‘ನನಗೆ ಏಳು ವರ್ಷದ ಮಗಳಿದ್ದಾಳೆ’

ಮ್ಯಾಟ್ರಿಮೊನಿ ತಾಣಗಳಲ್ಲಿ ವಿಚ್ಛೇದಿತರು, ಸಂಗಾತಿಯನ್ನು ಕಳೆದುಕೊಂಡವರು ಪ್ರೊಫೈಲ್ ತುಂಬುವಾಗ ಮಕ್ಕಳ ಬಗ್ಗೆಯೂ ಕೇಳುತ್ತಾರೆ: ಇದ್ದಾರೆಯೇ, ಜೊತೆಗಿದ್ದಾರೆಯೇ? ಆದರೆ ಫೋಟೊ ನೋಡಿ ‘ಆಸಕ್ತಿ’ ಒತ್ತುವವರಲ್ಲಿ ಎಷ್ಟೋ ಮಂದಿ ಅಲ್ಲಿಯವರೆಗೆ ಓದಿರುವುದಿಲ್ಲ. ಹಾಗಾಗಿ ಪ್ರೊಫೈಲಿನಲ್ಲಿ ಬರೆದದ್ದನ್ನೇ ಚಾಟ್‌ನಲ್ಲಿ ಇನ್ನೊಮ್ಮೆ ಹೇಳಬೇಕಾಗುತ್ತದೆ. ಊರು, ಕೆಲಸದ ಮಾತು ಮುಗಿದು ಫೋನ್ ನಂಬರ್ ಕೊಡುವ ಮೊದಲು ಹೇಳಿಬಿಟ್ಟರೆ ಇಬ್ಬರಿಗೂ ಹಗುರ.

ಮೈಸೂರಿನ ಬ್ಯಾಂಕ್ ಉದ್ಯೋಗಿಯೊಬ್ಬರು ಮೊದಲು ಹೀಗೆ ಟೈಪ್ ಮಾಡಿದರೆಂದುಕೊಳ್ಳಿ: ‘ಸಾರಿ, ಮೊದಲೇ ಹೇಳಬೇಕಿತ್ತು. ನನಗೊಂದು ಮಗು ಇದೆ. ಅವಳ ಅಪ್ಪನಿಂದ ತುಂಬಾ ಅನುಭವಿಸಿದೆ. ನಿಮಗೆ ಇಷ್ಟವಿಲ್ಲದಿದ್ರೆ ಪರವಾಗಿಲ್ಲ, ನನಗೆ ಅಭ್ಯಾಸ ಆಗಿದೆ.’

ಇದನ್ನು ಓದಿದವರು ಮಗುವಿನ ಬಗ್ಗೆ ಯೋಚಿಸುವುದಕ್ಕಿಂತ ಮೊದಲು ಸಮಾಧಾನ ಹೇಳಬೇಕಾಗುತ್ತದೆ. ಮಗುವಿನ ವಯಸ್ಸೆಷ್ಟು, ಯಾರ ಬಳಿ ಇದೆ ಎಂಬುದೇ ಇಲ್ಲಿಲ್ಲ. ಅದನ್ನು ಅಳಿಸಿ ಅವರು ಹೀಗೆ ಬರೆಯಬಹುದು:

‘ಮಾತು ಮುಂದುವರಿಯೋ ಮೊದಲು ಒಂದು ವಿಷಯ. ನನಗೆ ಏಳು ವರ್ಷದ ಮಗಳಿದ್ದಾಳೆ, ನನ್ನ ಜೊತೆಗೇ ಇರ್ತಾಳೆ. ಭಾನುವಾರ ಅಪ್ಪನ ಮನೆಗೆ ಹೋಗಿಬರ್ತಾಳೆ. ಅವಳು ಮಲಗಿದ ಮೇಲೆ, ಒಂಬತ್ತರ ನಂತರ ನಾನು ಮಾತಿಗೆ ಸಿಗ್ತೀನಿ. ಅಂದಹಾಗೆ, ನೀವು ಚಾರಣ ಹೋಗ್ತೀನಿ ಅಂದಿದ್ರಲ್ಲ, ಈಚೆಗೆ ಎಲ್ಲಿಗೆ ಹೋಗಿದ್ರಿ?’

ಇದರಲ್ಲಿ ಕ್ಷಮೆಯಿಲ್ಲ, ದೂರಿಲ್ಲ. ‘ಅಪ್ಪನ ಮನೆ’ ಎಂಬ ಮಾತಿನಲ್ಲೇ ಮಗಳ ತಂದೆ ಅವಳ ಬದುಕಿನಲ್ಲಿ ಇನ್ನೂ ಇದ್ದಾರೆಂಬುದು ತಿಳಿಯುತ್ತದೆ. ಸಂಜೆಯ ಹೊತ್ತು ಯಾರದ್ದು ಎಂಬುದೂ ಸ್ಪಷ್ಟ. ಕೊನೆಯ ಪ್ರಶ್ನೆಯಿಂದಾಗಿ ಮಾತು ತೀರ್ಪಿಗೆ ಕಾಯುತ್ತಾ ನಿಲ್ಲುವುದಿಲ್ಲ. ವಿಚ್ಛೇದನ ಯಾಕಾಯಿತೆಂಬ ಕಥೆಗೆ ಭೇಟಿಯಾದ ಮೇಲೂ ಸಮಯವಿದೆ.

ಬೇಕೆಂದೇ ಬಿಟ್ಟಿರುವುದು ಮೂರು: ಮಗಳ ಹೆಸರು, ಶಾಲೆ, ಫೋಟೊ. ಒಂಟಿ ಪೋಷಕರ ಸ್ನೇಹ ಬೆಳೆಸಿ ಮಕ್ಕಳ ಹತ್ತಿರ ಬರಲು ನೋಡುವವರೂ ಇರುತ್ತಾರೆ. ‘ಯಾವ ತರಗತಿ?’ ಎಂದು ಕೇಳುವುದು ಸಹಜ. ಆದರೆ ‘ಅವಳ ಫೋಟೊ ಕಳಿಸಿ’, ‘ಶಾಲೆ ಬಿಟ್ಟ ಮೇಲೆ ಒಬ್ಬಳೇ ಇರ್ತಾಳಾ?’ ಎಂಬ ಪ್ರಶ್ನೆಗಳು ಅಷ್ಟು ಬೇಗ ಬಂದರೆ ಮಾತು ನಿಲ್ಲಿಸಿ ಬ್ಲಾಕ್ ಮಾಡುವುದೇ ಸರಿ.

ಉಳಿದ ಉತ್ತರಗಳನ್ನು ಓದುವುದು ಕಷ್ಟವಲ್ಲ. ಚಾರಣದ ಕಥೆ ಹೇಳುತ್ತಲೇ ‘ಮಗಳಿಗೂ ಬೆಟ್ಟ ಹತ್ತೋದು ಇಷ್ಟಾನಾ?’ ಎಂದವರೊಂದಿಗೆ ಮುಂದುವರಿಯಬಹುದು. ‘ಅಜ್ಜಿ ಮನೇಲಿ ಬಿಡೋಕಾಗಲ್ವಾ?’ ಎಂದವರೂ ತಮ್ಮ ನಿಲುವು ಹೇಳಿದಂತೆಯೇ. ಏನೂ ಹೇಳದೆ ಮಾಯವಾದವರನ್ನು ‘ಯಾಕೆ?’ ಎಂದು ಬೆನ್ನಟ್ಟಬೇಕಾಗಿಲ್ಲ.

ಗಂಡಸರು ಎಡವುವುದು ಬೇರೆ ಕಡೆ. ಮಗ ತಾಯಿಯ ಬಳಿ ಇದ್ದಾನಲ್ಲ, ಈಗಲೇ ಯಾಕೆ ಹೇಳಬೇಕು ಎಂದುಕೊಳ್ಳುತ್ತಾರೆ. ಆದರೆ ತಿಂಗಳ ಜೀವನಾಂಶ, ಬೇಸಿಗೆ ರಜೆಯ ವಾರಗಳು ಮುಂದಿನ ಸಂಸಾರಕ್ಕೂ ಸಂಬಂಧಿಸಿದವು. ‘ಹತ್ತು ವರ್ಷದ ಮಗ ತಾಯಿ ಜೊತೆ ಇದ್ದಾನೆ, ರಜೆಯಲ್ಲಿ ನನ್ನ ಹತ್ತಿರ ಬರ್ತಾನೆ, ಅವನ ಖರ್ಚಿಗೆ ಪ್ರತಿ ತಿಂಗಳು ಹಣ ಕಳಿಸ್ತೀನಿ’ ಎಂದು ಮೊದಲೇ ತಿಳಿಸಿದರೆ ಸಾಕು. ಮೊತ್ತದ ಮಾತು ಮದುವೆಯ ಮಾತುಕತೆಯವರೆಗೆ ಕಾಯಬಹುದು.