ಮೂರ್ಛೆಯೋ, ಮನಸ್ಸಿನ ಮರೆವೋ?

ಶಿಕ್ಷಕಿಯೊಬ್ಬರು ಪಾಠದ ನಡುವೆ ಥಟ್ಟನೆ ನಿಲ್ಲುತ್ತಾರೆ ಎಂದುಕೊಳ್ಳಿ. ಹೊಟ್ಟೆಯಿಂದ ಏನೋ ಮೇಲೆದ್ದು ಬಂದ ಅನುಭವ, ನೆಟ್ಟ ನೋಟ, ತುಟಿ ಚಪ್ಪರಿಕೆ, ಸೆರಗಿನ ಅಂಚನ್ನು ಹಿಸುಕುವ ಬೆರಳು. ಒಂದೆರಡು ನಿಮಿಷದಲ್ಲಿ ಮುಗಿದರೂ ಆಮೇಲೆ ಸ್ವಲ್ಪ ಹೊತ್ತು ಗೊಂದಲ. ಪ್ರತಿ ಸಲವೂ ಇದೇ ಕ್ರಮವಾದರೆ ಟೆಂಪೊರಲ್ ಲೋಬ್ ಮೂರ್ಛೆಯ ಅನುಮಾನ ಬಲವಾಗುತ್ತದೆ.

ಡಿಸೋಸಿಯೇಟಿವ್ ಪ್ರಸಂಗ ಹೆಚ್ಚಾಗಿ ಮನಸ್ಸು ಕಲಕಿದಾಗ ಶುರುವಾಗಿ, ಹತ್ತಾರು ನಿಮಿಷ, ಕೆಲವೊಮ್ಮೆ ಗಂಟೆಗಟ್ಟಲೆ ಏರಿಳಿಯುತ್ತದೆ. ಅದು ನಟನೆಯಲ್ಲ, ನಿಜವಾದ ನರಳಾಟ.

ಕಿರಿಯ ವೈದ್ಯರು ಎಡವುವುದು ಇಇಜಿಯಲ್ಲಿ. ರೋಗಿ ಆರಾಮಾಗಿರುವಾಗ ತೆಗೆದ ಇಇಜಿ ಸರಿಯಿದ್ದ ಮಾತ್ರಕ್ಕೆ ಮೂರ್ಛೆರೋಗವಿಲ್ಲ ಎನ್ನಲಾಗದು. ಮನೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೊ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ಸಂದೇಹ ಉಳಿದರೆ ರೋಗಿಯನ್ನು ದಾಖಲಿಸಿ, ವಿಡಿಯೊ-ಇಇಜಿಯಲ್ಲಿ ಆ ಪ್ರಸಂಗವನ್ನೇ ಸೆರೆಹಿಡಿಯಬೇಕು. ಎರಡೂ ಒಬ್ಬರಲ್ಲೇ ಇರುವುದೂ ಉಂಟು.