ನಿಯಮವೋ, ನಕ್ಷೆಯೋ?

ನಿಯಮದಲ್ಲಿ ಮೂರು ಮಹಡಿಗೆ ಅವಕಾಶವಿದೆ, ನನ್ನ ಮಂಜೂರಾದ ನಕ್ಷೆಯಲ್ಲಿ ಎರಡೇ ಇವೆ. ಯಾವುದನ್ನು ಅನುಸರಿಸಬೇಕು?

ನಕ್ಷೆಯನ್ನೇ. ನಿಯಮ ಗರಿಷ್ಠ ಮಿತಿ ಹೇಳುತ್ತದೆ. ನಿಮಗೆ ಸಿಕ್ಕ ಅನುಮತಿ ನಕ್ಷೆಯಲ್ಲಿರುವಷ್ಟೇ. ಬಸ್ಸು ಮೈಸೂರಿಗೆ ಹೋದರೂ ಮಂಡ್ಯದ ಟಿಕೆಟ್ಟಿನಲ್ಲಿ ಮಂಡ್ಯದವರೆಗೆ ಮಾತ್ರ ಪಯಣ. ಮೂರನೆಯ ಮಹಡಿಗೆ ಪರಿಷ್ಕೃತ ನಕ್ಷೆ ಮಂಜೂರಾಗಬೇಕು. ‘ವಾಸ’ ಎಂದಿರುವ ಕಡೆ ಅಂಗಡಿ ತೆರೆಯಲೂ ಅಷ್ಟೇ. ನಕ್ಷೆಯಂತೆ ಕಟ್ಟುವಾಗಲೂ ಹಲವರು ಎಡವುವುದು ಸೆಟ್‌ಬ್ಯಾಕ್‌ನಲ್ಲಿ. ಅದನ್ನು ನಿವೇಶನದ ಗಡಿಯಿಂದ ಗೋಡೆಯ ಹೊರಮೈಗೆ ಅಳೆಯುತ್ತಾರೆ. 30 ಅಡಿ ಅಗಲದ ನಿವೇಶನದಲ್ಲಿ ನಕ್ಷೆ ಎರಡೂ ಪಕ್ಕ 3 ಅಡಿ ತೋರಿಸಿದರೆ ಮನೆಯ ಹೊರಗಿನ ಅಗಲ 24 ಅಡಿ. ಮೇಸ್ತ್ರಿ 24 ಅಡಿಯನ್ನು ಗೋಡೆಗಳ ನಡುಗೆರೆಗೆ ಹಿಡಿದರೆ, 9 ಇಂಚಿನ ಗೋಡೆ ಪ್ರತಿ ಪಕ್ಕ ನಾಲ್ಕೂವರೆ ಇಂಚು ಹೊರಚಾಚುತ್ತದೆ. ಅಷ್ಟು ಅಲ್ಪವಲ್ಲವೇ ಎನ್ನಬಹುದು. ಆದರೆ 3 ಅಡಿಯಲ್ಲಿ ಅದು ಎಂಟನೆಯ ಒಂದು ಭಾಗ, ಪಾಯ ತೋಡುವ ಮುನ್ನ ದಾರ ಸರಿಸಿದರೆ ತಪ್ಪಿಹೋಗುವಂಥದ್ದು.