ಭಾಮಿನಿ ಷಟ್ಪದಿಯಲ್ಲಿ ಉದ್ದೇಶಿತ ಗಣಭಂಗ

ಭಾಮಿನಿ ಷಟ್ಪದಿಯ 1, 2, 4 ಮತ್ತು 5ನೆಯ ಪಾದಗಳಲ್ಲಿ ಮೂರು-ನಾಲ್ಕು ಮಾತ್ರೆಗಳ ಗಣಗಳು ಎರಡಾವರ್ತಿ ಬಂದು 14 ಮಾತ್ರೆಗಳಾಗುತ್ತವೆ. ನಾಲ್ಕನೆಯ ಪಾದವು ‘ಕೆರೆಯ ನೀರದು ಬತ್ತಿ ಹೋಯಿತು’ ಎಂದಿದೆಯೆನ್ನೋಣ. ಇದು ನಿಯತವಾದ ನಡೆ. ಐದನೆಯದು ‘ಬರದೈ ಮಳೆಯು ಬಿರಿದುದು ನೆಲವು’ ಎಂದಾದರೆ, ಮೂರನೆಯ ಮಾತ್ರೆಗೆ ಮುಗಿಯಬೇಕಾದ ಗಣದ ಎಲ್ಲೆಯನ್ನು ‘ದೈ’ ಎಂಬ ಗುರು ದಾಟುತ್ತದೆ. ಒತ್ತು ನಿರಾಕರಣೆಯ ಮೇಲೆ ಬೀಳುತ್ತದೆ.

ಆದರೂ ಏಳನೆಯ ಮಾತ್ರೆಗೆ ಲಯ ಕೂಡಿಕೊಳ್ಳುತ್ತದೆ. ಪಾದದ ಉತ್ತರಾರ್ಧವು ‘ಬಿರಿದು-ದುನೆಲವು’ ಎಂದು ಮೂರು-ನಾಲ್ಕಾಗಿಯೇ ಒಡೆಯುತ್ತದೆ. ಆದಿಪ್ರಾಸದ ರಕಾರವೂ ಉಳಿಯುತ್ತದೆ. ಆದುದರಿಂದ ಓದುಗನಿಗೆ ದಾರಿ ತಪ್ಪದು.

ಇದೇ ಭಂಗವು ಮೊದಲ ಪಾದದಲ್ಲಿ ಬಂದರೆ, ನಡೆಯಿನ್ನೂ ಕಿವಿಯಲ್ಲಿ ನೆಲೆಗೊಂಡಿರದ ಕಾರಣ ದೋಷವೆಂದೇ ತೋರುತ್ತದೆ. ಮಾತ್ರೆಗಳು 13 ಅಥವಾ 15 ಆದಲ್ಲಿ ಮುಂದಿನ ಪಾದದ ಎತ್ತುಗಡೆಯೂ ಕುಂಟುತ್ತದೆ.